ಮೂರು ಯಾವಾಗ ಏಳಾಗುತ್ತದೆ?

ಕೈಬರಹದ ಕನ್ನಡ ಅಂಕಿಗಳನ್ನು ಓದುವ ಒಂದು ಕಂಪ್ಯೂಟರ್ ಪ್ರೋಗ್ರಾಂ ನೂರಕ್ಕೆ 96.5ರಷ್ಟು ಸರಿಯಾಗಿ ಓದುತ್ತದೆ ಎಂದು ಯಾರಾದರೂ ಹೇಳಿದರೆ ನಮಗೆ ತಿಳಿಯುವುದು ತೀರಾ ಕಡಿಮೆ. ತಪ್ಪಿದ ಆ ಮೂರೂವರೆ ಪಾಲು ಎಲ್ಲಿ ಹೋಯಿತು? ಹತ್ತೂ ಅಂಕಿಗಳಿಗೆ ಸಮನಾಗಿ ಹಂಚಿಹೋಯಿತೋ, ಒಂದೆರಡು ಅಂಕಿಗಳ ತಲೆಗೇ ಕಟ್ಟಿಕೊಂಡಿತೋ? ೩ ಎಂದು ಬರೆದಿದ್ದನ್ನು ೭ ಎಂದು ಓದಿತೋ, ೭ ಎಂದು ಬರೆದಿದ್ದನ್ನು ೩ ಎಂದು ಓದಿತೋ? ಲೆಕ್ಕದ ಪುಸ್ತಕದಲ್ಲಿ ಮೂರು ಸಾವಿರ ಏಳು ಸಾವಿರವಾಗಿ ಹೋದವನಿಗೆ ಈ ಪ್ರಶ್ನೆಗಳೇ ಮುಖ್ಯ, ಒಟ್ಟು ಶೇಕಡಾವಾರು ಅಲ್ಲ.

ಇವಕ್ಕೆ ಉತ್ತರ ಒಂದು ಬಣ್ಣದ ಚೌಕದಲ್ಲಿ ಇರುತ್ತದೆ. ಅದನ್ನು ಕನ್‌ಫ್ಯೂಷನ್ ಮ್ಯಾಟ್ರಿಕ್ಸ್ ಎನ್ನುತ್ತಾರೆ. ಯಾವುದನ್ನು ಯಾವುದೆಂದು ತಿಳಿದು ಗೊಂದಲವಾಯಿತು ಎಂಬುದರ ಪಟ್ಟಿ ಅದು. ಅಂಕಿಸಂಖ್ಯೆಗಳ ಜಾಗದಲ್ಲಿ ಬಣ್ಣ ತುಂಬಿ ತೋರಿಸಿದರೆ ಹೀಟ್‌ಮ್ಯಾಪ್. ಈ ಪಟ್ಟಿ ಕಂಪ್ಯೂಟರಿನವರು ಹುಟ್ಟುಹಾಕಿದ್ದೇನೂ ಅಲ್ಲ. 1955ರಲ್ಲೇ ಅಮೆರಿಕದ ಜಾರ್ಜ್ ಮಿಲ್ಲರ್ ಮತ್ತು ಪೆಟ್ರೀಷಿಯಾ ನೈಸ್ಲಿ ಇಂಥ ಪಟ್ಟಿಗಳನ್ನು ಪ್ರಕಟಿಸಿದ್ದರು. ಗದ್ದಲದ ನಡುವೆ ಇಂಗ್ಲಿಷಿನ 16 ವ್ಯಂಜನಗಳನ್ನು ಕೇಳಿಸಿ, ಯಾವ ಧ್ವನಿ ಕೇಳುಗರ ಕಿವಿಗೆ ಯಾವುದಾಗಿ ಬಿತ್ತು ಎಂದು ಸಾಲು ಸಾಲಾಗಿ ಎಣಿಸಿದ್ದರು. ಅಲ್ಲಿ ತಪ್ಪುತ್ತಿದ್ದದ್ದು ಮನುಷ್ಯರ ಕಿವಿ, ಇಲ್ಲಿ ತಪ್ಪುವುದು ಯಂತ್ರದ ಕಣ್ಣು. ಎಣಿಸುವ ಕ್ರಮ ಮಾತ್ರ ಅದೇ.

ಇದನ್ನು ಓದಲು ಕಲಿಯುವುದಕ್ಕೆ ಕನ್ನಡದ್ದೇ ಒಂದು ಒಳ್ಳೆಯ ಉದಾಹರಣೆ ಇದೆ. 2019ರಲ್ಲಿ ವಿನಯ್ ಉದಯ್ ಪ್ರಭು ಅವರು ‘ಕನ್ನಡ-ಎಮ್‌ನಿಸ್ಟ್’ ಎಂಬ ಚಿತ್ರಸಂಗ್ರಹವನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟರು. ಕನ್ನಡ ಅಂಕಿಗಳನ್ನು ದಿನವೂ ಬಳಸುವ ಬೆಂಗಳೂರಿನ 65 ಮಂದಿಯಿಂದ ಕಾಗದದ ಮೇಲೆ ಬರೆಸಿ, ಸ್ಕ್ಯಾನ್ ಮಾಡಿ, ಒಂದೊಂದನ್ನೂ ಕತ್ತರಿಸಿ ಸಿದ್ಧಪಡಿಸಿದ್ದು. ಕಲಿಕೆಗೆ 60,000 ಚಿತ್ರಗಳು, ಪರೀಕ್ಷೆಗೆ 10,000. ಪ್ರತಿ ಚಿತ್ರವೂ 28 ಚುಕ್ಕಿ ಅಗಲ, 28 ಚುಕ್ಕಿ ಎತ್ತರದ ಪುಟ್ಟ ಚೌಕ. ಪರೀಕ್ಷೆಯ ಹತ್ತು ಸಾವಿರದಲ್ಲಿ ೦ಯಿಂದ ೯ರವರೆಗೆ ಪ್ರತಿ ಅಂಕಿಗೂ ಸರಿಯಾಗಿ ಸಾವಿರ ಚಿತ್ರಗಳಿವೆ. ಈ ‘ತಲಾ ಸಾವಿರ’ ಎಂಬುದನ್ನು ನೆನಪಿಟ್ಟುಕೊಳ್ಳಿ. ನಮಗೆ ಅನುಕೂಲ ಮಾಡಿಕೊಡುವುದೂ ಅದೇ, ಕೊನೆಗೆ ದಾರಿ ತಪ್ಪಿಸುವುದೂ ಅದೇ.

ಚಿತ್ರ ನೋಡಿ ‘ಇದು ಇಂಥ ಅಂಕಿ’ ಎಂದು ವಿಂಗಡಿಸುವ ಪ್ರೋಗ್ರಾಮಿಗೆ ಕ್ಲಾಸಿಫೈಯರ್ ಎಂದು ಹೆಸರು. ಕಲಿತು ಮುಗಿಸಿದ ಒಂದು ಕ್ಲಾಸಿಫೈಯರಿನ ಕೈಗೆ ಪರೀಕ್ಷೆಯ ಹತ್ತು ಸಾವಿರ ಚಿತ್ರ ಕೊಟ್ಟೆವು ಎಂದುಕೊಳ್ಳೋಣ. ಬಂದ ಫಲಿತಾಂಶದಲ್ಲಿ ನಾಲ್ಕು ಅಂಕಿಗಳನ್ನು ಮಾತ್ರ ಬಿಡಿಯಾಗಿಟ್ಟು, ಉಳಿದ ಆರನ್ನು ಒಟ್ಟುಗೂಡಿಸಿ ಕೆಳಗೆ ಕೊಟ್ಟಿದ್ದೇನೆ. ಇವು ಯಾವುದೇ ನಿಜವಾದ ಪ್ರೋಗ್ರಾಮಿನ ಅಂಕಗಳಲ್ಲ, ವಿಷಯ ತಿಳಿಸಲು ನಾನೇ ಹಾಕಿಕೊಂಡ ಲೆಕ್ಕ. ಎಡಬದಿಯಲ್ಲಿ ಇರುವುದು ಬರೆದ ಅಂಕಿ, ಮೇಲ್ತುದಿಯಲ್ಲಿ ಇರುವುದು ಯಂತ್ರ ಓದಿದ ಅಂಕಿ.

| ಬರೆದದ್ದು ↓ / ಓದಿದ್ದು → | ೦ | ೧ | ೩ | ೭ | ಉಳಿದ ಆರು | ಮೊತ್ತ |
|---|---|---|---|---|---|---|
| ೦ | 965 | 30 | 0 | 0 | 5 | 1000 |
| ೧ | 28 | 960 | 2 | 1 | 9 | 1000 |
| ೩ | 1 | 2 | 930 | 50 | 17 | 1000 |
| ೭ | 0 | 1 | 12 | 975 | 12 | 1000 |
| ಉಳಿದ ಆರು | 6 | 7 | 6 | 14 | 5967 | 6000 |
| ಮೊತ್ತ | 1000 | 1000 | 950 | 1040 | 6010 | 10000 |

ಎಡಮೇಲಿನ ಮೂಲೆಯಿಂದ ಬಲಗೆಳಗಿನ ಮೂಲೆಗೆ ಇಳಿಯುವ ಓರೆಸಾಲೇ ಕರ್ಣ. ಬರೆದದ್ದೂ ಓದಿದ್ದೂ ಒಂದೇ ಆದ ಮನೆಗಳು ಈ ಕರ್ಣದ ಮೇಲಿರುತ್ತವೆ: 965, 960, 930, 975. ಉಳಿದ ಆರು ಅಂಕಿಗಳಲ್ಲಿ ಒಟ್ಟು 5820 ಸರಿಯಾಗಿವೆ ಎಂದಿಟ್ಟುಕೊಳ್ಳಿ. ಎಲ್ಲ ಸೇರಿ 9650, ಅಂದರೆ ಶುರುವಿನಲ್ಲಿ ಹೇಳಿದ 96.5. ಕರ್ಣದಿಂದ ಆಚೆಗಿರುವ ಮನೆಗಳೆಲ್ಲ ತಪ್ಪಿನ ಮನೆಗಳು, ಒಂದೊಂದಕ್ಕೂ ಒಂದೊಂದು ವಿಳಾಸ. ‘೩’ರ ಸಾಲು ಹಿಡಿದು ‘೭’ರ ಕಂಬದವರೆಗೆ ಹೋದರೆ ಸಿಗುವ 50ರ ಅರ್ಥ ಇಷ್ಟೇ: ಜನ ೩ ಎಂದು ಬರೆದ ಐವತ್ತು ಚಿತ್ರಗಳನ್ನು ಯಂತ್ರ ೭ ಎಂದು ಓದಿದೆ.

ಬಣ್ಣ ನೋಡುವುದಕ್ಕೆ ಮುಂಚೆ ಮಾಡಬೇಕಾದ ಕೆಲಸವೊಂದಿದೆ. ಯಾವ ಬದಿಯಲ್ಲಿ ನಿಜ, ಯಾವ ಬದಿಯಲ್ಲಿ ಯಂತ್ರದ ಮಾತು ಎಂದು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಎಲ್ಲರೂ ಒಂದೇ ಪದ್ಧತಿ ಪಾಲಿಸುವುದಿಲ್ಲ. ಪೈಥಾನ್ ಬಳಸುವವರಿಗೆ ಪರಿಚಿತವಾದ scikit-learn ಅಡ್ಡಸಾಲಿನಲ್ಲಿ ನಿಜವನ್ನೂ ಕಂಬಸಾಲಿನಲ್ಲಿ ಊಹೆಯನ್ನೂ ಇಡುತ್ತದೆ. ಆರ್ ಭಾಷೆಯ caret ಪೊಟ್ಟಣದಲ್ಲಿ ಇದು ತಿರುವುಮುರುವು: ಊಹೆ ಅಡ್ಡಸಾಲಿಗೆ, ನಿಜ ಕಂಬಸಾಲಿಗೆ. ಚಿತ್ರದ ಅಂಚಿನಲ್ಲಿ ಹೆಸರು ಬರೆಯದೆ ಬಿಟ್ಟಿದ್ದರೆ ೩ನ್ನು ೭ ಎಂದದ್ದು, ೭ನ್ನು ೩ ಎಂದದ್ದಾಗಿ ಕಾಣುತ್ತದೆ. ಆಗ ನೆರವಿಗೆ ಬರುವುದು ಆ ‘ತಲಾ ಸಾವಿರ’. ಸಾಲುಗಳನ್ನು ಅಡ್ಡಡ್ಡ ಕೂಡಿ, ಕಂಬಗಳನ್ನು ಉದ್ದುದ್ದ ಕೂಡಿ. ಯಾವ ದಿಕ್ಕಿನ ಮೊತ್ತಗಳು ಒಂದೂ ತಪ್ಪದೆ ಸಾವಿರವಾಗುತ್ತವೆಯೋ ಅದೇ ನಿಜದ ದಿಕ್ಕು. ನಾವು ಪರೀಕ್ಷೆಗೆ ಕೊಟ್ಟದ್ದು ತಲಾ ಸಾವಿರ. ಯಂತ್ರ ಮಾತ್ರ ತನಗೆ ತೋಚಿದ್ದನ್ನು ಹೇಳುತ್ತದೆ, ಅದರ ಮೊತ್ತಗಳು 950, 1040 ಎಂದು ಏರುಪೇರಾಗುತ್ತವೆ.

ಇನ್ನು ಬಣ್ಣ. ಕೆಲವು ಹೀಟ್‌ಮ್ಯಾಪಿನಲ್ಲಿ ಗಾಢ ನೀಲಿ ಎಂದರೆ ಹೆಚ್ಚು, ಬಿಳಿ ಎಂದರೆ ಕಡಿಮೆ. scikit-learn ತಾನಾಗಿಯೇ ಆರಿಸುವ ಬಣ್ಣಪಟ್ಟಿಯಲ್ಲಿ ಹಳದಿ ಹೆಚ್ಚು, ಕಡುನೇರಳೆ ಕಡಿಮೆ. ಹಾಗಾಗಿ ‘ದಟ್ಟ ಬಣ್ಣ, ದೊಡ್ಡ ಸಂಖ್ಯೆ’ ಎಂಬ ರೂಢಿಯ ಮೇಲೆ ಹೋಗದೆ ಪಕ್ಕದ ಬಣ್ಣದ ಪಟ್ಟಿಯನ್ನು ಮೊದಲು ನೋಡಬೇಕು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಬಣ್ಣದ ಅಳತೆಗೋಲು ಸೊನ್ನೆಯಿಂದ 975ರವರೆಗೆ ಚಾಚಿಕೊಂಡಿರುತ್ತದೆ. ಕರ್ಣದ ಮನೆಗಳೆಲ್ಲ ಗಾಢ, ಉಳಿದವೆಲ್ಲ ಬಿಳಿ. 2ಕ್ಕೂ 50ಕ್ಕೂ ಬಣ್ಣದಲ್ಲಿ ಇರುವ ವ್ಯತ್ಯಾಸ ಕಣ್ಣಿಗೆ ಕಂಡೂ ಕಾಣದಷ್ಟು. ಒಳ್ಳೆಯ ಕ್ಲಾಸಿಫೈಯರಿನ ಹೀಟ್‌ಮ್ಯಾಪ್ ಯಾವಾಗಲೂ ಚೆಂದ ಕಾಣುತ್ತದೆ, ನಮಗೆ ಬೇಕಾದ ವಿಷಯ ಮಾತ್ರ ಆ ಬಿಳುಪಿನಲ್ಲಿ ಹುದುಗಿರುತ್ತದೆ.

ಪರಿಹಾರ ಸುಲಭ. ಕರ್ಣವನ್ನು ಸೊನ್ನೆ ಮಾಡಿ ಮತ್ತೊಮ್ಮೆ ಚಿತ್ರ ಬರೆಸಬೇಕು:

```python
import numpy as np
from sklearn.metrics import confusion_matrix, ConfusionMatrixDisplay

cm = confusion_matrix(y_true, y_pred)
errors = cm.copy()
np.fill_diagonal(errors, 0)
ConfusionMatrixDisplay(errors).plot(cmap="Blues")
```

ಈಗ ಅಳತೆಗೋಲು ಸೊನ್ನೆಯಿಂದ 50ಕ್ಕೆ ಇಳಿಯುತ್ತದೆ, ತಪ್ಪುಗಳು ತಲೆ ಎತ್ತುತ್ತವೆ. ೩–೭ರ ಮನೆ ಎಲ್ಲಕ್ಕಿಂತ ಗಾಢ. ಅದರ ನಂತರ ೦–೧ ಮತ್ತು ೧–೦, ಇವೆರಡೂ ಹೆಚ್ಚುಕಡಿಮೆ ಒಂದೇ ಬಣ್ಣ.

ಈ ಎರಡು ಜೋಡಿಗಳ ತಪ್ಪು ಒಂದೇ ಬಗೆಯದಲ್ಲ. ೦ ಮತ್ತು ೧ರ ನಡುವೆ ತಪ್ಪು ಎರಡೂ ಕಡೆಗೆ ಹರಿದಿದೆ, ಅತ್ತಲಿಂದ 30, ಇತ್ತಲಿಂದ 28. ಕಾರಣ ಅಂಕಿಗಳ ಆಕಾರದಲ್ಲೇ ಇದೆ. ಉಂಗುರ ಪೂರ್ತಿ ಕೂಡಿಕೊಂಡರೆ ೦, ಒಂದಿಷ್ಟು ಬಾಯಿ ಬಿಟ್ಟಿದ್ದರೆ ೧. ಕಾಗದದ ಮೇಲೆ ಢಾಳಾಗಿ ಕಾಣುವ ಆ ಬಾಯಿ, ಚಿತ್ರವನ್ನು 28 ಚುಕ್ಕಿಗೆ ಕುಗ್ಗಿಸಿದಾಗ ಒಂದೆರಡು ಚುಕ್ಕಿಯಷ್ಟೇ ಉಳಿಯಬಹುದು. ಪೆನ್ನಿನ ಶಾಯಿ ತುಸು ಹರಡಿದ್ದರೆ ಅದೂ ಮುಚ್ಚಿಹೋಗಿ ೧ ೦ಯಾಗುತ್ತದೆ. ಅವಸರದಲ್ಲಿ ಸೊನ್ನೆಯ ಎರಡು ತುದಿ ಕೂಡದೆ ಹೋದರೆ ೦ ೧ ಆಗುತ್ತದೆ. ತಪ್ಪು ಇಬ್ಬದಿಗೂ ಸಮನಾಗಿದ್ದರೆ ಚಿತ್ರದಲ್ಲೇ ಸುಳಿವು ಸಾಲದು ಎಂದು ಊಹಿಸಬಹುದು. ಯಂತ್ರವನ್ನು ಎಷ್ಟು ಕಲಿಸಿದರೂ ಸ್ವಲ್ಪವೇ ಪ್ರಯೋಜನ, ದೊಡ್ಡ ಅಳತೆಯಲ್ಲಿ ಸ್ಕ್ಯಾನ್ ಮಾಡುವುದೇ ವಾಸಿ.

೩ ಮತ್ತು ೭ರ ಕಥೆ ಬೇರೆ. ಅಲ್ಲಿ 50, ಇಲ್ಲಿ 12. ತಪ್ಪು ಒಂದೇ ಕಡೆಗೆ ವಾಲಿದೆ. ಗೊಂದಲವಾದಾಗಲೆಲ್ಲ ಯಂತ್ರ ೭ ಎಂದು ಹೇಳುವ ಚಾಳಿ ಹಿಡಿದಿದೆ. ಈ ವಾಲು ನಿಜವೋ, ಆಕಸ್ಮಿಕವೋ? ಒಂದು ಅಂದಾಜು ಕ್ರಮವಿದೆ: ಮನೆಯಲ್ಲಿರುವ ಸಂಖ್ಯೆಯ ವರ್ಗಮೂಲದಷ್ಟು ಏರಿಳಿತ ಸಹಜ ಎಂದು ಹಿಡಿಯುವುದು. 12ಕ್ಕೆ ಸುಮಾರು ಮೂರೂವರೆ, 50ಕ್ಕೆ ಸುಮಾರು ಏಳು. ಬೇರೆ ಹತ್ತು ಸಾವಿರ ಚಿತ್ರ ಕೊಟ್ಟಿದ್ದರೆ 12ರ ಜಾಗದಲ್ಲಿ 9 ಬರಬಹುದಿತ್ತು, 15 ಬರಬಹುದಿತ್ತು, 50 ಬರುವ ಮಾತೇ ಇಲ್ಲ. ಹಾಗಾಗಿ ಈ ವಾಲು ನಿಜ. ಅದೇ 30–28ರ ನಡುವಿನ ಎರಡರ ಅಂತರಕ್ಕೆ ಅರ್ಥ ಹುಡುಕುವುದು ವ್ಯರ್ಥ.

ಇಂಥ ಮನೆ ಸಿಕ್ಕಾಗ ಮಾಡಬೇಕಾದ ಅತಿ ಉಪಯುಕ್ತ ಕೆಲಸವೆಂದರೆ ಆ ಐವತ್ತೂ ಚಿತ್ರಗಳನ್ನು ತೆರೆದು ಕಣ್ಣಾರೆ ನೋಡುವುದು. ಹತ್ತು ನಿಮಿಷದ ಕೆಲಸ, ಆದರೂ ಬಹಳ ಮಂದಿ ಮಾಡುವುದಿಲ್ಲ. ಅವುಗಳಲ್ಲಿ ಒಬ್ಬಿಬ್ಬರ ಕೈಬರಹವೇ ತುಂಬಿಕೊಂಡಿರಬಹುದು. ಚಿತ್ರ ಕತ್ತರಿಸುವಾಗ ಅಂಕಿಯ ಬಾಲ ಮೊಟಕಾಗಿರಬಹುದು. ಕೆಲವು ನಿಜಕ್ಕೂ ೭ ಆಗಿದ್ದು, ಹೆಸರು ಹಚ್ಚಿದವರೇ ೩ ಎಂದು ಬರೆದಿರಲೂಬಹುದು. ಮೊದಲನೆಯದಕ್ಕೆ ಆ ಬಗೆಯ ಕೈಬರಹ ಇನ್ನಷ್ಟು ಸೇರಿಸಬೇಕು, ಎರಡನೆಯದಕ್ಕೆ ಕತ್ತರಿಸುವ ಕ್ರಮ ಸರಿಪಡಿಸಬೇಕು, ಮೂರನೆಯದರಲ್ಲಿ ತಪ್ಪು ಯಂತ್ರದ್ದೇ ಅಲ್ಲ. ಮನೆಯೊಳಗಿನ ಸಂಖ್ಯೆ ಮೂರಕ್ಕೂ ಒಂದೇ.

ಈಗ ಎಲ್ಲರೂ ಹೆಸರು ಕೇಳಿರುವ ಎರಡು ಅಳತೆಗಳಿಗೆ ಬರೋಣ: ರೀಕಾಲ್ ಮತ್ತು ಪ್ರಿಸಿಷನ್. ಸೂತ್ರ ಬಾಯಿಪಾಠ ಮಾಡಿದವರಿಗೂ ಇವು ಅದಲುಬದಲಾಗುವುದುಂಟು. ಪಟ್ಟಿಯ ಮೇಲೆ ಬೆರಳಿಟ್ಟು ಓದಿದರೆ ಹಾಗಾಗುವುದಿಲ್ಲ.

ಬೆರಳನ್ನು ೭ರ ಅಡ್ಡಸಾಲಿನ ಮೇಲೆ ಇಡಿ. ಇದು ಬರೆದವರ ಕಡೆಯ ಪ್ರಶ್ನೆ: ಜನ ಬರೆದ ಸಾವಿರ ೭ಗಳಲ್ಲಿ ಎಷ್ಟು ೭ ಆಗಿಯೇ ಸಿಕ್ಕವು? 975. ಅಂದರೆ 97.5. ಇದು ರೀಕಾಲ್. ಬೆರಳನ್ನು ಈಗ ೭ರ ಕಂಬಸಾಲಿಗೆ ತಿರುಗಿಸಿ. ಇದು ಫಲಿತಾಂಶ ಪಡೆದವರ ಕಡೆಯ ಪ್ರಶ್ನೆ: ಯಂತ್ರ ‘೭’ ಎಂದು ಹೇಳಿದ 1040 ಸಲದಲ್ಲಿ ಎಷ್ಟು ಸಲ ಅದು ನಿಜವಾಗಿ ೭ ಆಗಿತ್ತು? ಅದೇ 975. ಭಾಗಿಸಿದರೆ 93.75. ಇದು ಪ್ರಿಸಿಷನ್. ಮೇಲಿನ ಸಂಖ್ಯೆ ಎರಡಕ್ಕೂ ಒಂದೇ, ಕರ್ಣದ ಮನೆಯದ್ದು. ಕೆಳಗಿನ ಸಂಖ್ಯೆ ಮಾತ್ರ ಒಂದರಲ್ಲಿ ಸಾಲಿನ ಮೊತ್ತ, ಇನ್ನೊಂದರಲ್ಲಿ ಕಂಬದ ಮೊತ್ತ. ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡಿನಲ್ಲಿ ಸಿರಿಲ್ ಕ್ಲೆವರ್ಡನ್ 1960ರ ದಶಕದಲ್ಲಿ ದಾಖಲೆಗಳನ್ನು ಹುಡುಕುವ ಪದ್ಧತಿಗಳನ್ನು ಪರೀಕ್ಷಿಸಿದಾಗಲೂ ಈ ಎರಡು ಪ್ರಶ್ನೆಗಳೇ ಇದ್ದವು: ಸಿಗಬೇಕಾದ ದಾಖಲೆಗಳಲ್ಲಿ ಎಷ್ಟು ಸಿಕ್ಕವು, ಸಿಕ್ಕ ದಾಖಲೆಗಳಲ್ಲಿ ಎಷ್ಟು ಬೇಕಾಗಿದ್ದವು.

ಅದೇ ಲೆಕ್ಕವನ್ನು ೩ಕ್ಕೆ ಹಾಕಿ ನೋಡಿ. ಸಾಲಿನ ಪ್ರಕಾರ ಸಾವಿರಕ್ಕೆ 930, ರೀಕಾಲ್ 93. ಕಂಬದ ಪ್ರಕಾರ 950ಕ್ಕೆ 930, ಪ್ರಿಸಿಷನ್ 97.9. ೭ಕ್ಕೆ ಪೂರಾ ವಿರುದ್ಧ. ಯಂತ್ರ ೩ ಎಂದು ಹೇಳುವುದಕ್ಕೆ ಹಿಂಜರಿಯುತ್ತದೆ, ಹೇಳಿದರೆ ಮಾತ್ರ ನಂಬಬಹುದು. ೭ ಎಂದು ಧಾರಾಳವಾಗಿ ಹೇಳುತ್ತದೆ, ಹಾಗಾಗಿ ನಿಜವಾದ ೭ಗಳು ತಪ್ಪಿಸಿಕೊಳ್ಳುವುದು ಕಡಿಮೆ, ಹೇಳಿದ್ದರಲ್ಲಿ ಸುಳ್ಳು ಹೆಚ್ಚು. ಎರಡೂ ಒಂದೇ ಐವತ್ತರ ಮನೆಯಿಂದ ಬಂದ ಫಲ ಎಂಬುದನ್ನು ಗಮನಿಸಬೇಕು. ಆ ಮನೆ ೩ರ ಸಾಲಿನಲ್ಲಿ ಕೂತು ೩ರ ರೀಕಾಲನ್ನು ತಗ್ಗಿಸುತ್ತದೆ, ೭ರ ಕಂಬದಲ್ಲಿ ಕೂತು ೭ರ ಪ್ರಿಸಿಷನನ್ನು ತಗ್ಗಿಸುತ್ತದೆ. ಕರ್ಣದಾಚೆಯ ಪ್ರತಿ ತಪ್ಪೂ ಹೀಗೆ ಇಬ್ಬರಿಗೆ ಪೆಟ್ಟು ಕೊಡುತ್ತದೆ.

ಇವೆರಡನ್ನು ಕಲಸಿ ಒಂದೇ ಅಂಕವಾಗಿಸುವ ಎಫ್-1 ಎಂಬ ಅಳತೆಯೂ ಚಾಲ್ತಿಯಲ್ಲಿದೆ. ಅದರ ಪ್ರಕಾರ ೩ಕ್ಕೆ 95.4, ೭ಕ್ಕೆ 95.6. ಹೆಚ್ಚುಕಡಿಮೆ ಅವಳಿ ಮಕ್ಕಳು! ಎರಡು ಅಂಕಿಗಳ ಸ್ವಭಾವ ಎದುರುಬದುರಾಗಿದೆ ಎಂಬ ಸುಳಿವೇ ಅಲ್ಲಿ ಉಳಿಯುವುದಿಲ್ಲ. ಹಲವು ಪ್ರೋಗ್ರಾಂಗಳನ್ನು ಬೇಗ ಹೋಲಿಸಿ ನೋಡಲು ಅದು ಸರಿ. ಯಂತ್ರ ಏನು ಮಾಡುತ್ತಿದೆ ಎಂದು ತಿಳಿಯಬೇಕಾದವರು ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈ ವಿಷಯದಲ್ಲಿ ಅನುಭವಸ್ಥರೂ ಎಡವುವ ಜಾಗ ಮುಂದಿದೆ. ಹೀಟ್‌ಮ್ಯಾಪ್ ಬರೆಸುವಾಗ ಸಂಖ್ಯೆಯ ಬದಲು ಶೇಕಡಾವಾರು ತೋರಿಸುವುದು ವಾಡಿಕೆ. scikit-learnನಲ್ಲಿ ಅದಕ್ಕೆ normalize="true" ಎಂದು ಬರೆಯುತ್ತಾರೆ. ಆಗ ಪ್ರತಿ ಮನೆಯನ್ನೂ ಅದರ ಸಾಲಿನ ಮೊತ್ತದಿಂದ ಭಾಗಿಸಲಾಗುತ್ತದೆ, ಕರ್ಣದ ಮೇಲೆ ಕಾಣುವುದೆಲ್ಲ ರೀಕಾಲ್. normalize="pred" ಎಂದರೆ ಕಂಬದ ಮೊತ್ತದಿಂದ ಭಾಗ, ಕರ್ಣದ ಮೇಲೆ ಪ್ರಿಸಿಷನ್. ಸಾಮಾನ್ಯವಾಗಿ ವರದಿಗಳಲ್ಲಿ ಕಾಣುವುದು ಮೊದಲನೆಯ ಬಗೆ. ಅಂದರೆ ನಮ್ಮ ಮುಂದಿರುವ ಚಿತ್ರ ಅರ್ಧ ವಿಷಯವನ್ನಷ್ಟೇ ಹೇಳುತ್ತಿರುತ್ತದೆ.

೧ನ್ನು ನೋಡಿ. ರೀಕಾಲ್ 96, ಕಂಬದ ಮೊತ್ತವೂ ಸಾವಿರವೇ ಆದ್ದರಿಂದ ಪ್ರಿಸಿಷನ್ ಸಹ 96. ಎಲ್ಲ ಸರಿಯಿದೆ ಅನ್ನಿಸುತ್ತದೆ. ಈಗ ಇದೇ ಪ್ರೋಗ್ರಾಮನ್ನು ಹಳೆಯ ಲೆಕ್ಕದ ಪುಸ್ತಕವೊಂದನ್ನು ಓದಲು ಕೂರಿಸಿದೆವು ಎಂದುಕೊಳ್ಳಿ. ರೂಪಾಯಿಯ ಮೊತ್ತಗಳಲ್ಲಿ ಐನೂರು, ಎರಡು ಸಾವಿರ, ಹತ್ತು ಸಾವಿರ ಎಂಬಂಥ ಇಡಿ ಸಂಖ್ಯೆಗಳೇ ಜಾಸ್ತಿ, ಹಾಗಾಗಿ ಸೊನ್ನೆಗಳೂ ಜಾಸ್ತಿ. ಬೇರೆ ಅಂಕಿಗಳು ತಲಾ ಸಾವಿರ ಇರುವಲ್ಲಿ ೦ ಮಾತ್ರ ಹತ್ತು ಸಾವಿರ ಇದೆ ಎಂದಿಟ್ಟುಕೊಳ್ಳೋಣ. ಕೈಬರಹ ಪರೀಕ್ಷೆಯಲ್ಲಿದ್ದಂಥದ್ದೇ, ಯಂತ್ರವೂ ಅದೇ, ತಪ್ಪುವ ಪ್ರಮಾಣವೂ ಅದೇ. ಸಾವಿರ ಸೊನ್ನೆಗೆ 30ನ್ನು ೧ ಎಂದು ಓದುತ್ತಿದ್ದ ಯಂತ್ರ ಹತ್ತು ಸಾವಿರ ಸೊನ್ನೆಗೆ 300ನ್ನು ೧ ಎಂದು ಓದುತ್ತದೆ. ೧ರ ಕಂಬವನ್ನು ಮತ್ತೆ ಕೂಡಿ: ನಿಜವಾದ ೧ಗಳು 960, ಸೊನ್ನೆಯಿಂದ ಬಂದವು 300, ಬೇರೆಡೆಯಿಂದ 10. ಒಟ್ಟು 1270. ಪ್ರಿಸಿಷನ್ 75.6ಕ್ಕೆ ಕುಸಿಯಿತು. ಯಂತ್ರ ‘೧’ ಎಂದ ಪ್ರತಿ ನಾಲ್ಕರಲ್ಲಿ ಸುಮಾರು ಒಂದು ಸುಳ್ಳು.

ಈ ಕುಸಿತ ಯಾವ ಚಿತ್ರದಲ್ಲಿ ಕಾಣುತ್ತದೆ? ಸಾಲಿನ ಶೇಕಡಾವಾರಿನ ಹೀಟ್‌ಮ್ಯಾಪಿನಲ್ಲಿ ಕಾಣುವುದಿಲ್ಲ. ಸೊನ್ನೆಯ ಸಾಲು ಮೊದಲೂ ನೂರಕ್ಕೆ 96.5 ಮತ್ತು 3, ಈಗಲೂ ಅಷ್ಟೇ. ಬಣ್ಣ ಒಂದು ಛಾಯೆಯೂ ಬದಲಾಗುವುದಿಲ್ಲ. ಒಟ್ಟು ಶೇಕಡಾವಾರಿನಲ್ಲಿ? ಈಗ ಒಟ್ಟು ಅಂಕಿಗಳು 19,000, ಸರಿಯಾಗಿ ಓದಿದವು 18,335. ಭಾಗಿಸಿದರೆ ಮತ್ತೆ 96.5. ಒಟ್ಟು ಅಂಕ ಹಾಗೇ ಇದೆ, ಹೀಟ್‌ಮ್ಯಾಪ್ ಹಾಗೇ ಇದೆ, ಅಷ್ಟರಲ್ಲಿ ಪುಸ್ತಕದೊಳಗೆ ಮುನ್ನೂರು ಸೊನ್ನೆಗಳು ಒಂದಾಗಿ ಕೂತಿವೆ.

ರೀಕಾಲ್ ಒಂದು ಸಾಲಿನೊಳಗೇ ಮುಗಿಯುವ ಲೆಕ್ಕ. ಬೇರೆ ಅಂಕಿಗಳು ಎಷ್ಟಿದ್ದರೂ ಅದಕ್ಕೆ ಸಂಬಂಧವಿಲ್ಲ. ಪ್ರಿಸಿಷನ್ ಹಾಗಲ್ಲ, ಕಂಬದಲ್ಲಿ ಎಲ್ಲ ಸಾಲುಗಳಿಂದಲೂ ಬಂದವರು ಇರುತ್ತಾರೆ. ನೆರೆಯ ಸಾಲು ದೊಡ್ಡದಾದರೆ ಅಲ್ಲಿಂದ ನುಸುಳುವವರೂ ಹೆಚ್ಚು. ಆದ್ದರಿಂದ ಒಂದು ಪ್ರೋಗ್ರಾಮಿನ ಪ್ರಿಸಿಷನ್ ಇಷ್ಟು ಎಂದು ಯಾರಾದರೂ ಹೇಳಿದರೆ, ಯಾವ ಪ್ರಮಾಣದಲ್ಲಿ ಬೆರೆತ ಚಿತ್ರಗಳ ಮೇಲೆ ಎಂದು ಕೇಳದೆ ಅದಕ್ಕೆ ಅರ್ಥವಿಲ್ಲ. ಪ್ರತಿ ಅಂಕಿಗೂ ಸಮಪಾಲು ಕೊಟ್ಟ ಪರೀಕ್ಷೆಯಲ್ಲಿ normalize="pred" ಎಂದು ಬರೆದರೂ ಸಿಗುವುದು ಆ ಪರೀಕ್ಷೆಯ ಪ್ರಿಸಿಷನ್ನೇ, ಪುಸ್ತಕದ್ದಲ್ಲ.

ಪುಸ್ತಕದ ಪ್ರಿಸಿಷನ್ ಮುಂದಾಗಿ ತಿಳಿಯಲು ಹೆಚ್ಚಿನ ಯಂತ್ರವಿದ್ಯೆ ಬೇಕಿಲ್ಲ. ಮೊದಲು ಕೆಲವು ಪುಟ ತಿರುವಿ ಯಾವ ಅಂಕಿ ಎಷ್ಟು ಸಲ ಬರುತ್ತದೆ ಎಂದು ಎಣಿಸಿಕೊಳ್ಳಬೇಕು. ಸಾಲಿನ ಶೇಕಡಾವಾರಿನ ಪಟ್ಟಿ ತೆಗೆದುಕೊಂಡು, ಪ್ರತಿ ಸಾಲನ್ನೂ ಆ ಅಂಕಿಯ ಎಣಿಕೆಯಿಂದ ಗುಣಿಸಬೇಕು. ಆಮೇಲೆ ಕಂಬಗಳನ್ನು ಕೂಡಿ, ಕರ್ಣದ ಮನೆಯನ್ನು ಆ ಮೊತ್ತದಿಂದ ಭಾಗಿಸಬೇಕು. ಮೇಲೆ ಸೊನ್ನೆಗೆ ಮಾಡಿದ್ದು ಇದನ್ನೇ. ಕಾಗದ, ಪೆನ್ಸಿಲ್ ಸಾಕು.

ಹಾಗಾದರೆ 75.6ನ್ನು ಎತ್ತುವುದು ಹೇಗೆ? ಕ್ಲಾಸಿಫೈಯರ್ ಬರೀ ‘ಇದು ೧’ ಎನ್ನುವುದಿಲ್ಲ, ತನಗೆ ಎಷ್ಟು ಭರವಸೆ ಇದೆ ಎಂದು ಸೊನ್ನೆಯಿಂದ ಒಂದರೊಳಗಿನ ಸಂಖ್ಯೆಯನ್ನೂ ಕೊಡುತ್ತದೆ. ಸಾಮಾನ್ಯವಾಗಿ ಹತ್ತರಲ್ಲಿ ಯಾವುದಕ್ಕೆ ಹೆಚ್ಚು ಭರವಸೆಯೋ ಅದನ್ನೇ ಉತ್ತರವೆಂದು ತೆಗೆದುಕೊಳ್ಳುತ್ತೇವೆ, ಅದು 0.5 ಇದ್ದರೂ ಸರಿ. ಅದರ ಬದಲು ‘೧ಕ್ಕೆ 0.9ಕ್ಕಿಂತ ಹೆಚ್ಚು ಭರವಸೆ ಇದ್ದರೆ ಮಾತ್ರ ಒಪ್ಪು, ಇಲ್ಲದಿದ್ದರೆ ಮನುಷ್ಯರ ಮುಂದಿಡು’ ಎಂದು ಗೆರೆ ಎಳೆಯಬಹುದು. ಆಗ ನುಸುಳುತ್ತಿದ್ದ 300 ಸೊನ್ನೆಗಳು 60ಕ್ಕೆ ಇಳಿದವು, ಬೇರೆಡೆಯ 10 ನಾಲ್ಕಾದವು, ನಿಜವಾದ ೧ಗಳಲ್ಲೂ 960ರ ಬದಲು 880 ಮಾತ್ರ ದಾಟಿದವು ಎಂದುಕೊಳ್ಳಿ. ಈಗ ಯಂತ್ರ ಧೈರ್ಯವಾಗಿ ‘೧’ ಎಂದದ್ದು 944 ಸಲ, ಅದರಲ್ಲಿ 880 ಸರಿ. ಪ್ರಿಸಿಷನ್ 93.2ಕ್ಕೆ ಏರಿತು. ರೀಕಾಲ್ 96ರಿಂದ 88ಕ್ಕೆ ಇಳಿಯಿತು. ಗೆರೆ ಮೇಲೇರಿಸಿದಷ್ಟೂ ಪ್ರಿಸಿಷನ್ ಸಾಮಾನ್ಯವಾಗಿ ಏರುತ್ತದೆ, ರೀಕಾಲ್ ಏರುವುದಂತೂ ಸಾಧ್ಯವೇ ಇಲ್ಲ.

ಆದರೆ ಇಳಿದ ಆ ರೀಕಾಲ್ ಇಲ್ಲಿ ನಷ್ಟವಲ್ಲ. ಬಿಟ್ಟುಹೋದ 80 ೧ಗಳು ಕಳೆದುಹೋಗಿಲ್ಲ, 240 ಸೊನ್ನೆ ಮತ್ತು ಬೇರೆ 6 ಅಂಕಿಗಳ ಜೊತೆ ಮೇಜಿನ ಮೇಲೆ ಬಂದು ಕೂತಿವೆ. ಒಟ್ಟು 326 ಚಿತ್ರ. ಒಬ್ಬ ಗುಮಾಸ್ತರು ಮೂಲ ಪುಟವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದಕ್ಕೆ ಐದು ಸೆಕೆಂಡ್ ಕೊಟ್ಟರೂ ಅರ್ಧ ಗಂಟೆಯೊಳಗೆ ಮುಗಿಯುವ ಕೆಲಸ. ಗೆರೆ ಎಲ್ಲಿ ಎಳೆಯಬೇಕು ಎಂಬುದು ಹೀಗೆ ಗಣಿತದಿಂದಲ್ಲ, ಆ ಮೇಜಿನ ಮೇಲೆ ಎಷ್ಟು ಚಿತ್ರ ಬಂದರೆ ನಿಭಾಯಿಸಬಹುದು ಎಂಬುದರಿಂದ ತೀರ್ಮಾನವಾಗುತ್ತದೆ. ಪುಸ್ತಕದಲ್ಲಿರುವುದು 19,000 ಅಂಕಿಗಳಾದರೆ ಗೆರೆಯನ್ನು 0.95ಕ್ಕೂ ಏರಿಸಬಹುದು. ಹತ್ತೊಂಬತ್ತು ಲಕ್ಷವಾದರೆ ಮೇಜಿಗೆ ಬರುವುದು 32,600 ಚಿತ್ರ, ಆಗ ಲೆಕ್ಕಾಚಾರವೇ ಬೇರೆ.

ಇಷ್ಟೆಲ್ಲ ಲೆಕ್ಕ ‘ಕೈಬರಹ ಪರೀಕ್ಷೆಯಲ್ಲಿದ್ದಂಥದ್ದೇ’ ಎಂಬ ಒಂದು ಮಾತಿನ ಮೇಲೆ ನಿಂತಿದೆ. ಆ ಮಾತು ಸುಳ್ಳಾದರೆ ಸಾಲುಗಳೇ ಬದಲಾಗುತ್ತವೆ, ಗುಣಿಸಿ ಸರಿಪಡಿಸುವ ಉಪಾಯ ನಡೆಯುವುದಿಲ್ಲ. ಕನ್ನಡ-ಎಮ್‌ನಿಸ್ಟ್ ಜೊತೆಗೆ ‘ಡಿಗ್-ಎಮ್‌ನಿಸ್ಟ್’ ಎಂಬ ಇನ್ನೊಂದು ಸಂಗ್ರಹವನ್ನೂ ಬಿಡುಗಡೆ ಮಾಡಿದ್ದು ಇದೇ ಕಾರಣಕ್ಕೆ. ಕನ್ನಡ ಅಂಕಿ ಬರೆದು ರೂಢಿಯಿಲ್ಲದವರ ಕೈಬರಹದ ಹತ್ತು ಸಾವಿರಕ್ಕೂ ಮಿಕ್ಕಿದ ಚಿತ್ರಗಳು ಅದರಲ್ಲಿವೆ. ಮೊದಲ ಸಂಗ್ರಹದಲ್ಲಿ ಚೆನ್ನಾಗಿ ಓದಿದ ಪ್ರೋಗ್ರಾಂ ಇಲ್ಲಿ ಬಹಳ ಕೆಳಗೆ ಬೀಳುತ್ತದೆ. ಹಳೆಯ ಲೆಕ್ಕದ ಪುಸ್ತಕ ಓದಿಸುವವರು ಆದ್ದರಿಂದ ಸಿದ್ಧ ಹೀಟ್‌ಮ್ಯಾಪನ್ನು ನೆಚ್ಚಿ ಕೂರುವುದಿಲ್ಲ. ಆ ಪುಸ್ತಕದಿಂದಲೇ ಐನೂರೋ ಸಾವಿರವೋ ಅಂಕಿಗಳನ್ನು ಕತ್ತರಿಸಿ, ಇಬ್ಬರಿಂದ ಬೇರೆ ಬೇರೆಯಾಗಿ ಓದಿಸಿ, ಇಬ್ಬರೂ ಒಪ್ಪಿದ್ದನ್ನು ನಿಜವೆಂದು ಹಿಡಿದು ತಮ್ಮದೇ ಪಟ್ಟಿ ತಯಾರಿಸುತ್ತಾರೆ. ಇಬ್ಬರಿಗೆ ಎಲ್ಲಿ ಒಮ್ಮತ ಬರಲಿಲ್ಲ ಎಂದು ಎಣಿಸಿದರೆ ಅದೂ ಒಂದು ಕನ್‌ಫ್ಯೂಷನ್ ಮ್ಯಾಟ್ರಿಕ್ಸೇ. ಮನುಷ್ಯರಿಬ್ಬರು ೦–೧ರ ನಡುವೆ ನೂರಕ್ಕೆ ಎರಡು ಸಲ ಭಿನ್ನಾಭಿಪ್ರಾಯ ತೋರಿದರೆ, ಯಂತ್ರದ ಮೂರು ತಪ್ಪಿನಲ್ಲಿ ತಿದ್ದಲು ಸಾಧ್ಯವಿರುವುದು ಎಷ್ಟು ಎಂಬುದು ಅಲ್ಲಿಂದಲೇ ಗೊತ್ತಾಗುತ್ತದೆ.